ಮನೆಯ ನೆಟ್ ನುಂಗುವ ಸಾಧನ ಯಾವುದು? ರೌಟರಿನ ಲೆಕ್ಕ ಓದುವ ಬಗೆ

ಮಂಗಳೂರಿನ ಮನೆಗಳಲ್ಲಿ ನೆಟ್ ಸ್ಲೋ ಆದಾಗ ಅನುಮಾನ ಮೊದಲು ಹೋಗುವುದು ಮೇಲಿನ ಮಹಡಿಗೆ. ಅಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳು, ಇಲ್ಲವೇ ಮೊಬೈಲ್ ಬಿಡದ ಮೊಮ್ಮಗ. "ಮೇಲಿನ ಮಕ್ಕಳು ಇಡೀ ರಾತ್ರಿ ಸಿನಿಮಾ ನೋಡ್ತಾರೆ ಮಾರಾಯ್ರೇ, ನಮಗೆ ನೆಟ್ ಎಲ್ಲಿ ಉಳೀಬೇಕು?" ಎನ್ನುವ ಮಾತು ಕದ್ರಿಯಲ್ಲೂ ಕೇಳಿಸುತ್ತದೆ, ಕಂಕನಾಡಿಯಲ್ಲೂ ಕೇಳಿಸುತ್ತದೆ. ಅನುಮಾನ ಕೆಲವೊಮ್ಮೆ ನಿಜವೂ ಆಗಬಹುದು. ಆದರೆ ಜಗಳಕ್ಕೆ ಇಳಿಯುವ ಮುಂಚೆ ನೋಡಬೇಕಾದ ಲೆಕ್ಕವೊಂದು ಮನೆಯಲ್ಲೇ ಇದೆ. ಯಾವ ಸಾಧನ ಎಷ್ಟು ಡೇಟಾ ತಂದಿತು, ಎಷ್ಟು ಕಳಿಸಿತು ಎಂಬುದನ್ನು ಬಹಳಷ್ಟು ರೌಟರ್‌ಗಳು ಬರೆದಿಟ್ಟುಕೊಳ್ಳುತ್ತವೆ. ಅದನ್ನು ಓದುವುದಕ್ಕೆ ಒಂದು ಕ್ರಮವಿದೆ. ಕ್ರಮ ತಪ್ಪಿದರೆ ಅದೇ ಲೆಕ್ಕ ನಿರಪರಾಧಿಯತ್ತ ಬೆರಳು ತೋರಿಸುತ್ತದೆ.

ಈ ಊರಿನಲ್ಲಿ ಸಾಮಾನ್ಯವಾಗಿ ಸಿಗುವಂಥ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕದ್ರಿಯಲ್ಲಿ ಹಳೆಯ ಕೆಂಪುಕಲ್ಲಿನ ಮನೆ, ಮೇಲೆ ಆಮೇಲೆ ಕಟ್ಟಿಸಿದ ಮಹಡಿ. ಕೆಳಗೆ ವಯಸ್ಸಾದ ದಂಪತಿ ಮತ್ತು ಮನೆಯಿಂದಲೇ ಕೆಲಸ ಮಾಡುವ ಮಗಳು. ಅವಳಿಗೆ ರಾತ್ರಿ ಒಂಬತ್ತೂವರೆಗೆ ಅಮೆರಿಕದವರ ಜತೆ ವಿಡಿಯೊ ಕಾಲ್. ಮೇಲೆ ಇಬ್ಬರು ನರ್ಸಿಂಗ್ ವಿದ್ಯಾರ್ಥಿಗಳು. ಮಗ ದುಬೈಯಲ್ಲಿದ್ದಾನೆ, ಅಪ್ಪ ಅಮ್ಮನ ಕ್ಷೇಮಕ್ಕೆಂದು ಅವನೇ ಹಾಕಿಸಿಕೊಟ್ಟ ನಾಲ್ಕು ಸಿಸಿ ಕ್ಯಾಮೆರಾಗಳಿವೆ. ಕೇಬಲ್‌ನವರ ಸಂಪರ್ಕದಲ್ಲಿ ಡೌನ್‌ಲೋಡ್ 40 ಎಂಬಿಪಿಎಸ್, ಅಪ್‌ಲೋಡ್ 20. ರೌಟರ್ ಹಳೆಯ ಟಿಪಿ-ಲಿಂಕ್ `TL-WR841N`. ಹಗಲಿಡೀ ಎಲ್ಲ ಸರಿ ಇರುತ್ತದೆ, ಒಂಬತ್ತೂವರೆ ದಾಟಿದ ಮೇಲೆ ಮಗಳ ಕಾಲ್‌ನಲ್ಲಿ ಮುಖ ನಿಂತುಹೋಗುತ್ತದೆ, ಮಾತು ತುಂಡಾಗುತ್ತದೆ.

ರೌಟರಿನ ಪುಟ ತೆರೆಯುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಬೇಕು. ತೊಂದರೆ ವೈಫೈಯದ್ದೋ, ಹೊರಗಿನ ಲೈನಿನದ್ದೋ ಎಂದು ಮೊದಲೇ ಬೇರ್ಪಡಿಸದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು `ipconfig` ಎಂದು ಟೈಪ್ ಮಾಡಿದರೆ `Default Gateway` ಎಂಬ ಸಾಲಿನಲ್ಲಿ ರೌಟರಿನ ವಿಳಾಸ ಕಾಣುತ್ತದೆ. ಅದು 192.168.0.1 ಅಥವಾ 192.168.1.1 ಆಗಿರುವುದು ಹೆಚ್ಚು. ಜಿಯೊ ಪೆಟ್ಟಿಗೆಗಳಲ್ಲಿ 192.168.29.1. ಆಮೇಲೆ ಎರಡು ಕಿಟಕಿ ತೆರೆದು, ಒಂದೊಂದರಲ್ಲಿ ಒಂದೊಂದು ಸಾಲು ಓಡಿಸಿ:

```
ping -t 192.168.0.1
ping -t 8.8.8.8
```

ಮೊದಲನೆಯದು ನಿಮ್ಮಿಂದ ರೌಟರಿನವರೆಗಿನ ದಾರಿ, ಎರಡನೆಯದು ಅಲ್ಲಿಂದಾಚೆಗಿನದ್ದೂ ಸೇರಿದ ದಾರಿ. ರೌಟರಿನಿಂದ ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರ ಬರುತ್ತಿದ್ದು, ಹೊರಗಿನದ್ದು ಮಾತ್ರ ಮೂವತ್ತರಿಂದ ನಾನೂರಕ್ಕೆ ಜಿಗಿಯುತ್ತಿದ್ದರೆ, ಹೆಚ್ಚಾಗಿ ಲೈನು ತುಂಬಿದೆ ಎಂದರ್ಥ. ಆಗ ನುಂಗುವವರನ್ನು ಹುಡುಕಲು ಹೊರಡಬಹುದು. ರೌಟರಿನ ಉತ್ತರವೇ ತಡವರಿಸುತ್ತಿದ್ದರೆ ಮೊದಲು ವೈಫೈಯನ್ನು ನೋಡಬೇಕು. ದಪ್ಪ ಕೆಂಪುಕಲ್ಲಿನ ಎರಡು ಗೋಡೆ ದಾಟಿ ಬರುವ ಸಿಗ್ನಲ್ ಬಡಕಲಾಗುವುದು ಇಲ್ಲಿ ಮಾಮೂಲು. ಕದ್ರಿಯ ಮನೆಯಲ್ಲಿ ರೌಟರಿನದ್ದು ಎರಡು ಮಿಲಿಸೆಕೆಂಡ್, ಹೊರಗಿನದ್ದು ನಾನೂರು ಎಂದಿಟ್ಟುಕೊಳ್ಳೋಣ. ಲೈನು ತುಂಬಿದೆ.

ಈಗ ಬ್ರೌಸರಿನಲ್ಲಿ ಆ ಗೇಟ್‌ವೇ ವಿಳಾಸವನ್ನೇ ಟೈಪ್ ಮಾಡಿ ಒಳಗೆ ಹೋಗಬೇಕು. ಇಲ್ಲಿ ಕೇಳುವುದು ವೈಫೈ ಪಾಸ್‌ವರ್ಡ್ ಅಲ್ಲ, ರೌಟರಿನ ಅಡ್ಮಿನ್ ಪಾಸ್‌ವರ್ಡ್. ಪೆಟ್ಟಿಗೆಯ ಹೊಟ್ಟೆಯ ಮೇಲಿನ ಚೀಟಿಯಲ್ಲಿ ಅದು ಬರೆದಿರುತ್ತದೆ. ಕೇಬಲ್‌ನ ಹುಡುಗ ಬದಲಿಸಿ ಹೋಗಿದ್ದರೆ ಅವನನ್ನೇ ಕೇಳಬೇಕು. ಸಿಟ್ಟಿನಲ್ಲಿ ರೀಸೆಟ್ ಗುಂಡಿ ಒತ್ತಿದರೆ ಸಂಪರ್ಕದ ಯೂಸರ್‌ನೇಮ್ ಕೂಡ ಅಳಿಸಿಹೋಗಿ ಮನೆಗೆ ನೆಟ್ಟೇ ಇಲ್ಲದಂತಾದೀತು. ಇನ್ನೊಂದು ಎಚ್ಚರ: ಈಗ ಹಲವು ಮನೆಗಳಲ್ಲಿ ಪೆಟ್ಟಿಗೆ ಎರಡು. ಫೈಬರ್ ಬಂದು ಸೇರುವ ಒಎನ್‌ಟಿ ಒಂದು, ವೈಫೈ ಕೊಡುವ ರೌಟರ್ ಇನ್ನೊಂದು. ಒಎನ್‌ಟಿಯ ಪುಟ ತೆರೆದು ನೋಡಿ "ಒಂದೇ ಸಾಧನ ಇದೆ" ಎಂದುಕೊಳ್ಳುವವರಿದ್ದಾರೆ. ಆ ಒಂದು ಸಾಧನ ಅವರದೇ ರೌಟರ್. ಫೋನು, ಟಿವಿಗಳು ಯಾವ ಪೆಟ್ಟಿಗೆಗೆ ಜೋಡಣೆಯಾಗಿವೆಯೋ ಅದರ ಪುಟವನ್ನೇ ತೆರೆಯಬೇಕು.

ಒಳಗೆ ಎರಡು ಪಟ್ಟಿಗಳಿರುತ್ತವೆ. ಇವುಗಳ ವ್ಯತ್ಯಾಸ ತಿಳಿಯದೆ ಆಗುವ ಗೊಂದಲ ದೊಡ್ಡದು. `DHCP Clients List` ಎಂಬುದು ವಿಳಾಸ ಪಡೆದವರ ಪಟ್ಟಿ. ಬೆಳಿಗ್ಗೆ ಬಂದುಹೋದ ನೆಂಟರ ಫೋನು ರಾತ್ರಿಯೂ ಅದರಲ್ಲಿ ಉಳಿದಿರಬಹುದು, ಏಕೆಂದರೆ ವಿಳಾಸದ ಅವಧಿ ಮುಗಿಯುವವರೆಗೆ ಹೆಸರು ತೆಗೆಯುವುದಿಲ್ಲ. ವಿಳಾಸವನ್ನು ಕೈಯಾರೆ ನಿಗದಿ ಮಾಡಿಕೊಂಡ ಸಾಧನಗಳು ಅದರಲ್ಲಿ ಕಾಣಿಸದೆಯೂ ಇರಬಹುದು, ಮತ್ತು ಕ್ಯಾಮೆರಾದವರು ಡಿವಿಆರ್‌ಗೆ ಹೀಗೆ ಮಾಡಿಟ್ಟು ಹೋಗುವುದು ಸಾಮಾನ್ಯ. `Wireless Statistics` ಎಂಬುದು ಈ ಗಳಿಗೆಯಲ್ಲಿ ವೈಫೈಗೆ ಅಂಟಿಕೊಂಡಿರುವವರ ಪಟ್ಟಿ. ಕೇಬಲ್‌ನಿಂದ ಜೋಡಿಸಿದ ಸಾಧನ ಅದರಲ್ಲಿ ಬರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹೊಸ ರೌಟರ್‌ಗಳ ಆ್ಯಪ್‌ಗಳು ಎರಡನ್ನೂ ಬೆರೆಸಿ ಒಂದೇ ಪಟ್ಟಿ ತೋರಿಸುತ್ತವೆ, ನೋಡಲು ಚೆಂದ, ಪತ್ತೆಗೆ ಅಷ್ಟು ಒಳ್ಳೆಯದಲ್ಲ.

ಪಟ್ಟಿಯಲ್ಲಿ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ, ಒಂದು ಮ್ಯಾಕ್ ವಿಳಾಸ ಇರುತ್ತವೆ, ಅದೃಷ್ಟವಿದ್ದರೆ ಹೆಸರೂ ಇರುತ್ತದೆ. ಮ್ಯಾಕ್ ಎಂದರೆ `50-C7-BF-1A-22-09` ಎಂಬಂಥ ಆರು ಜೋಡಿ ಅಕ್ಷರ. ಮೊದಲ ಮೂರು ಜೋಡಿ ತಯಾರಕರ ಗುರುತು. ಆನ್‌ಲೈನಿನಲ್ಲಿ ಹುಡುಕಿದರೆ ಕಂಪನಿಯ ಹೆಸರು ಸಿಗುತ್ತದೆ. `ESP_` ಎಂದು ಶುರುವಾಗುವ ಹೆಸರು ಕಂಡು ಯಾರೋ ನುಗ್ಗಿದ್ದಾರೆಂದು ಹೆದರಬೇಕಿಲ್ಲ, ಅದು ಹೆಚ್ಚಾಗಿ ನಿಮ್ಮದೇ ಸ್ಮಾರ್ಟ್ ಬಲ್ಬ್ ಅಥವಾ ಪ್ಲಗ್. ಫೋನುಗಳ ವಿಷಯ ಬೇರೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ಬದಲು ಕಟ್ಟಿಕೊಂಡ ಮ್ಯಾಕ್ ತೋರಿಸುತ್ತವೆ. ಅದನ್ನು ಗುರುತಿಸುವುದು ಸುಲಭ: ಮೊದಲ ಜೋಡಿಯ ಎರಡನೇ ಅಕ್ಷರ 2, 6, A ಅಥವಾ E ಆಗಿದ್ದರೆ ಅದು ಕಟ್ಟಿಕೊಂಡದ್ದು, ಅದಕ್ಕೆ ತಯಾರಕರ ಹೆಸರು ಹುಡುಕಿ ಪ್ರಯೋಜನವಿಲ್ಲ. ಆ ಫೋನಿನ ವೈಫೈ ಸೆಟ್ಟಿಂಗಿನೊಳಗೆ ಹೋಗಿ ಈ ನೆಟ್‌ವರ್ಕಿಗೆ ಬಳಸುತ್ತಿರುವ ಮ್ಯಾಕ್ ಯಾವುದೆಂದು ನೋಡಿಕೊಳ್ಳಬೇಕು. ಅದೂ ಆಗದಿದ್ದರೆ ಮನೆಯಲ್ಲಿ ಒಂದೊಂದೇ ಫೋನಿನ ವೈಫೈ ಆಫ್ ಮಾಡಿಸಿ, ಪಟ್ಟಿಯನ್ನು ರಿಫ್ರೆಶ್ ಮಾಡಿ, ಯಾವುದು ಮಾಯವಾಯಿತು ಎಂದು ಬರೆದುಕೊಳ್ಳುವುದು. ಇದನ್ನು `Wireless Statistics` ಪುಟದಲ್ಲಿ ಮಾಡಬೇಕು.

ಕದ್ರಿಯ ಮನೆಯಲ್ಲಿ ಹೀಗೆ ಬರೆದುಕೊಂಡರೆ ಸಿಗುವುದು ಇಷ್ಟು: 103 ಡಿವಿಆರ್, 104 ಮಗಳ ಲ್ಯಾಪ್‌ಟಾಪ್, 106 ಅಮ್ಮನ ಫೋನು, 107 ಮಹಡಿಯ ಮೇಲಿನ ಇನ್ನೊಂದು ರೌಟರ್, ಟಿವಿ ಆಫ್ ಆಗಿದೆ. 107ರ ಬಗ್ಗೆ ಒಂದು ಮಾತು. ವಿದ್ಯಾರ್ಥಿಗಳ ನಾಲ್ಕೈದು ಸಾಧನಗಳೆಲ್ಲ ಆ ರೌಟರಿನ ಹಿಂದೆ ಅವಿತಿವೆ. ಕೆಳಗಿನ ರೌಟರಿಗೆ ಅವೆಲ್ಲ ಒಂದೇ ವಿಳಾಸ. 107ರ ಲೆಕ್ಕ ದೊಡ್ಡದಾಗಿದ್ದರೆ "ಮಹಡಿಯಿಂದ" ಎಂದು ಹೇಳಬಹುದೇ ಹೊರತು ಇಬ್ಬರಲ್ಲಿ ಯಾರು, ಯಾವ ಸಾಧನ ಎಂದು ಹೇಳಲಾಗದು. ಅದಕ್ಕೆ ಮೇಲಿನ ರೌಟರಿನ ಪುಟವನ್ನೇ ತೆರೆಯಬೇಕು. ಸಿಗ್ನಲ್ ಹಿಗ್ಗಿಸಲು ಹಾಕುವ ಕೆಲವು ರಿಪೀಟರ್‌ಗಳೂ ತಮ್ಮ ಹಿಂದಿನವರನ್ನೆಲ್ಲ ತಮ್ಮದೇ ಮ್ಯಾಕ್‌ನಲ್ಲಿ ತೋರಿಸುತ್ತವೆ. ಡಿವಿಆರ್ ಕೂಡ ಹಾಗೆಯೇ, ನಾಲ್ಕು ಕ್ಯಾಮೆರಾ ಇದ್ದರೂ ಪಟ್ಟಿಯಲ್ಲಿ ಅದು ಒಂದೇ ಸಾಲು.

ಇನ್ನು ಲೆಕ್ಕದ ಪುಟ. ಈ ರೌಟರಿನಲ್ಲಿ `System Tools` ಅಡಿಯಲ್ಲಿ `Statistics` ಇದೆ. ಅದು ಸಾಮಾನ್ಯವಾಗಿ ಆಫ್ ಆಗಿರುತ್ತದೆ; `Enable` ಒತ್ತಿದ ಕ್ಷಣದಿಂದ ಮಾತ್ರ ಎಣಿಕೆ ಶುರು. ನಿನ್ನೆ ರಾತ್ರಿ ಏನಾಯಿತು ಎಂದು ಇವತ್ತು ಆನ್ ಮಾಡಿ ಕೇಳಿದರೆ ಉತ್ತರ ಇಲ್ಲ. ಎಣಿಕೆ ಇರುವುದು ರೌಟರಿನ ತಾತ್ಕಾಲಿಕ ಮೆಮೊರಿಯಲ್ಲಾದ್ದರಿಂದ ಕರೆಂಟ್ ಹೋದರೆ ಎಲ್ಲ ಸೊನ್ನೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿಬರುವ ಊರಿನಲ್ಲಿ ಇದು ನೆನಪಿರಬೇಕು: ಯುಪಿಎಸ್ ಇಲ್ಲದ ರೌಟರಿನ "ಒಟ್ಟು" ಎಂದರೆ ಕೊನೆಯ ಸಲ ಕರೆಂಟ್ ಬಂದಾಗಿನಿಂದ ಎಂದಷ್ಟೇ ಅರ್ಥ. ಕೆಲವು ಹಳೆಯ ರೌಟರ್‌ಗಳ ಎಣಿಕೆ 4,29,49,67,296 ಬೈಟ್, ಅಂದರೆ ಸುಮಾರು 4 ಜಿಬಿ ದಾಟಿದೊಡನೆ ಮತ್ತೆ ಸೊನ್ನೆಯಿಂದ ಶುರುವಾಗುವುದೂ ಉಂಟು. ಮೊದಲ ಸಲ ಓದಿದ್ದಕ್ಕಿಂತ ಎರಡನೇ ಸಲದ ಅಂಕಿ ಚಿಕ್ಕದಾಗಿದ್ದರೆ ಈ ಎರಡರಲ್ಲಿ ಒಂದು ನಡೆದಿದೆ ಎಂದು ತಿಳಿಯಿರಿ.

ಪುಟದಲ್ಲಿ ಪ್ರತಿ ಸಾಧನದ ಎದುರು `Total` ಮತ್ತು `Current` ಎಂಬ ಎರಡು ಗುಂಪು. ಕಣ್ಣು ಮೊದಲು ಹೋಗುವುದು `Total` ಕಡೆಗೆ. ದಾರಿ ತಪ್ಪುವುದೂ ಅಲ್ಲೇ. ಕದ್ರಿಯ ಮನೆಯಲ್ಲಿ ಮಧ್ಯಾಹ್ನ ಕರೆಂಟ್ ಬಂದ ಮೇಲೆ ಲೆಕ್ಕ ಶುರುವಾಗಿದೆ. ರಾತ್ರಿ 9.40ಕ್ಕೆ ನೋಡಿದರೆ ಮಹಡಿಯ 107ರ ಒಟ್ಟು 320 ಕೋಟಿ ಬೈಟ್, ಅಂದರೆ 3.2 ಜಿಬಿ, ಎಲ್ಲರಿಗಿಂತ ಮೇಲೆ. ಡಿವಿಆರ್‌ದು 85 ಕೋಟಿ. "ನಾನು ಹೇಳ್ಲಿಲ್ವಾ?" ಎಂದು ಯಜಮಾನರು ಏಳುವುದು ಇಲ್ಲೇ. ಆದರೆ `Total` ಹೇಳುವುದು ಸಂಜೆಯೆಲ್ಲ ಯಾರು ಬಳಸಿದರು ಎಂದು. ಈಗ ಲೈನು ತುಂಬಿಸಿರುವವರು ಯಾರು ಎಂಬುದಕ್ಕೆ ಅದು ಉತ್ತರವಲ್ಲ. ಸಂಜೆ ಆರರಿಂದ ಎಂಟರವರೆಗೆ ಸಿನಿಮಾ ನೋಡಿ ಮುಗಿಸಿ ಓದಲು ಕೂತವರನ್ನೂ ಅದು ಮೇಲೆಯೇ ತೋರಿಸುತ್ತದೆ.

`Current` ಎಂದರೆ ಕಳೆದ ಒಂದು ಅವಧಿಯಲ್ಲಿ, ಮೊದಲೇ ಇರುವ ಸೆಟ್ಟಿಂಗಿನಂತೆ 10 ಸೆಕೆಂಡಿನಲ್ಲಿ, ಓಡಾಡಿದ್ದು. ಅಲ್ಲಿ ಡಿವಿಆರ್ ಎದುರು 2,00,00,000 ಬೈಟ್ ಎಂದಿದ್ದರೆ, ಹತ್ತರಿಂದ ಭಾಗಿಸಿ ಎಂಟರಿಂದ ಗುಣಿಸಬೇಕು: ಸೆಕೆಂಡಿಗೆ 1,60,00,000 ಬಿಟ್, ಅಂದರೆ 16 ಎಂಬಿಪಿಎಸ್. ಎಂಟರಿಂದ ಗುಣಿಸಲು ಮರೆತರೆ 2 ಎಂದು ಕಂಡು "ಇಷ್ಟೇ ತಾನೆ" ಎಂದು ಬಿಟ್ಟುಬಿಡುತ್ತೇವೆ. ರೌಟರ್ ಎಣಿಸುವುದು ಬೈಟ್, ಪ್ಲಾನ್ ಮಾರುವವರು ಹೇಳುವುದು ಬಿಟ್.

ಒಂದೇ ಒಂದು `Current` ಓದಿ ತೀರ್ಪು ಕೊಡುವುದೂ ಸರಿಯಲ್ಲ. ವಿಡಿಯೊ ಆ್ಯಪ್‌ಗಳು ಒಂದೇ ಸಮನೆ ಎಳೆಯುವುದಿಲ್ಲ. ಒಂದಿಷ್ಟನ್ನು ಗಬಕ್ಕನೆ ತಂದಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿರುತ್ತವೆ. ನೀವು ನೋಡಿದ ಹತ್ತು ಸೆಕೆಂಡು ಆ ಗಳಿಗೆಯದ್ದಾಗಿದ್ದರೆ ಟಿವಿ ರಾಕ್ಷಸನಂತೆ ಕಾಣುತ್ತದೆ, ಮುಂದಿನ ಹತ್ತು ಸೆಕೆಂಡಿನಲ್ಲಿ ಸಾಧು. ಆದ್ದರಿಂದ ನಾನು ನಂಬುವುದು `Total` ಅಂಕಿಯನ್ನು ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಬರೆದುಕೊಂಡು ಕಳೆಯುವ ಲೆಕ್ಕವನ್ನು. ಅದೂ ತೊಂದರೆ ನಡೆಯುತ್ತಿರುವ ಹೊತ್ತಿನಲ್ಲೇ. ಮಧ್ಯಾಹ್ನ ಬಿಡುವಿದೆ ಎಂದು ಆಗ ಮಾಡಿದರೆ ಏನೂ ಸಿಗದು.

9.40 ಮತ್ತು 9.50ರ ನಡುವಿನ ವ್ಯತ್ಯಾಸ ಹೀಗಿದೆ ಎನ್ನಿ: ಡಿವಿಆರ್ 120 ಕೋಟಿ ಬೈಟ್, ಅಮ್ಮನ ಫೋನು 24 ಕೋಟಿ, ಲ್ಯಾಪ್‌ಟಾಪ್ 5 ಕೋಟಿ, ಮಹಡಿಯ 107 ನಾಲ್ಕೂವರೆ ಕೋಟಿ. ಹತ್ತು ನಿಮಿಷಕ್ಕೆ 600 ಸೆಕೆಂಡು. ಡಿವಿಆರ್‌ದು 16 ಎಂಬಿಪಿಎಸ್, ಫೋನಿನದ್ದು 3.2, ಮಹಡಿಯವರದ್ದು ಒಂದಕ್ಕಿಂತಲೂ ಕಡಿಮೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಲ್ಲ ಸೇರಿದರೂ ಇಪ್ಪತ್ತರ ಸುತ್ತಮುತ್ತ, ಪ್ಲಾನ್ 40ರದ್ದು. ಹಾಗಾದರೆ ಲೈನು ತುಂಬಿದ್ದು ಹೇಗೆ? ಈ ಪುಟ ತಂದದ್ದು, ಕಳಿಸಿದ್ದು ಎರಡನ್ನೂ ಕೂಡಿಸಿಯೇ ತೋರಿಸುತ್ತದೆ, ದಿಕ್ಕು ಹೇಳುವುದಿಲ್ಲ. ದಿಕ್ಕು ತಿಳಿಯಲು `Status` ಪುಟದ ಕೆಳಗಿರುವ `Received` ಮತ್ತು `Sent` ಎಂಬ ಎರಡು ಅಂಕಿಗಳನ್ನು ಅದೇ ಹತ್ತು ನಿಮಿಷದ ಅಂತರದಲ್ಲಿ ಬರೆದುಕೊಳ್ಳಬೇಕು. ಅಲ್ಲಿ `Sent` ಮಾತ್ರ 145 ಕೋಟಿ ಏರಿದೆ. ಅಂದರೆ 19.3 ಎಂಬಿಪಿಎಸ್, ಅಪ್‌ಲೋಡ್ ಮಿತಿಗೆ ಹೆಚ್ಚುಕಡಿಮೆ ತಾಗಿದೆ. ಡಿವಿಆರ್ ಮತ್ತು ಫೋನು ಸೇರಿದರೆ 144 ಕೋಟಿ. ಎರಡೂ ಪುಟಗಳ ಲೆಕ್ಕ ಹೊಂದಿತು: ಇವೆರಡೂ ಹೊರಗೆ ಕಳಿಸುತ್ತಿವೆ.

ಕಳಿಸುವ ದಾರಿ ತುಂಬಿದರೆ ತರಿಸುವ ದಾರಿಯೂ ಏಕೆ ಸೊರಗುತ್ತದೆ? ಬಂದ ಪ್ರತಿ ಕಂತಿಗೂ "ತಲುಪಿತು" ಎಂಬ ಸಣ್ಣ ರಸೀದಿಯನ್ನು ನಿಮ್ಮ ಸಾಧನ ವಾಪಸು ಕಳಿಸಬೇಕು. ಆ ರಸೀದಿಗಳು ಡಿವಿಆರ್‌ನ ವಿಡಿಯೊದ ಹಿಂದೆ ಸಾಲಿನಲ್ಲಿ ಕಾಯುತ್ತವೆ. ರಸೀದಿ ಬಾರದೆ ಆಚೆಯವರು ಮುಂದಿನ ಕಂತು ಬಿಡುವುದಿಲ್ಲ. ವಿಡಿಯೊ ಕಾಲ್‌ನಲ್ಲಂತೂ ನಿಮ್ಮ ಮುಖವೂ ಮಾತೂ ಅದೇ ಸಾಲಿನಲ್ಲಿ ನಿಂತಿರುತ್ತವೆ. ಮನೆಮಂದಿ ಡೌನ್‌ಲೋಡ್ ಮಾಡುವವರನ್ನು ಹುಡುಕುತ್ತಾ ಇರುವಾಗ ಅಪ್‌ಲೋಡ್ ಮಾಡುವವನು ತಪ್ಪಿಸಿಕೊಳ್ಳುವುದು ಹೀಗೆ.

ಡಿವಿಆರ್ ಯಾರಿಗೆ ಕಳಿಸುತ್ತಿದೆ? 9.40ಕ್ಕೆ ಅದರ ಒಟ್ಟು 85 ಕೋಟಿ ಬೈಟ್ ಇತ್ತಲ್ಲ. ಸೆಕೆಂಡಿಗೆ 20 ಲಕ್ಷ ಬೈಟಿನಂತೆ ಹಿಂದಕ್ಕೆ ಎಣಿಸಿದರೆ ಏಳು ನಿಮಿಷ ಬರುತ್ತದೆ, ಶುರುವಾದದ್ದು 9.33ರ ಹೊತ್ತಿಗೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಆಗ ರಾತ್ರಿ ಎಂಟು ದಾಟಿ ಮೂರು ನಿಮಿಷ. ಮಗ ಕೆಲಸ ಮುಗಿಸಿ ಬಂದು, ಊಟಕ್ಕೆ ಕೂತು, ಟ್ಯಾಬ್‌ನಲ್ಲಿ ಮನೆಯ ನಾಲ್ಕೂ ಕ್ಯಾಮೆರಾ ತೆರೆದಿಟ್ಟುಕೊಳ್ಳುವ ಹೊತ್ತು. ಆ್ಯಪ್‌ನಲ್ಲಿ ಎಚ್‌ಡಿ ಒತ್ತಿಟ್ಟಿದ್ದಾನೆ. ಒಂದು ಕ್ಯಾಮೆರಾದ ಮೇನ್ ಸ್ಟ್ರೀಮ್ ಸುಮಾರು 4 ಎಂಬಿಪಿಎಸ್, ನಾಲ್ಕಕ್ಕೆ 16. ಅಮ್ಮನ ಫೋನಿನದ್ದು ಭಾನುವಾರದ ಮದುವೆಯ ವಿಡಿಯೊಗಳ ಬ್ಯಾಕಪ್. ಚಾರ್ಜಿಗೆ ಹಾಕಿದೊಡನೆ ಶುರುವಾಗಿದೆ.

ಲೆಕ್ಕ ಹೊಂದಿದರೂ ಒಮ್ಮೆ ಕಿತ್ತು ನೋಡಲೇಬೇಕು. `ping` ಕಿಟಕಿ ಓಡುತ್ತಿರುವಾಗಲೇ ಡಿವಿಆರ್‌ನ ಹಿಂದಿನ ನೆಟ್ ಕೇಬಲ್ ತೆಗೆದು ಒಂದು ನಿಮಿಷ ಬಿಡಿ. ಪವರ್ ತೆಗೆಯಬೇಡಿ, ಒಳಗಿನ ಹಾರ್ಡ್‌ಡಿಸ್ಕ್ ರೆಕಾರ್ಡ್ ಮಾಡುತ್ತಿರುತ್ತದೆ. ನಾನೂರು ಮಿಲಿಸೆಕೆಂಡ್ ಇದ್ದದ್ದು ಮೂವತ್ತಕ್ಕೆ ಇಳಿದು, ಕೇಬಲ್ ಹಾಕಿ ಮಗ ಮತ್ತೆ ತೆರೆದಾಗ ಏರಿದರೆ ವಾದಕ್ಕೆ ಜಾಗವಿಲ್ಲ. ಇಳಿಯದಿದ್ದರೆ ನಿಮ್ಮ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ, ಮತ್ತೆ ಎರಡು ಸಲ ಓದಿ.

ಪರಿಹಾರಕ್ಕೆ ದುಬೈಗೆ ಒಂದು ಫೋನು ಸಾಕು. ಆ್ಯಪ್‌ನಲ್ಲಿ ಎಚ್‌ಡಿ ಬದಲು ಸಬ್ ಸ್ಟ್ರೀಮ್ ಆರಿಸಿದರೆ ಕ್ಯಾಮೆರಾ ಒಂದಕ್ಕೆ ಅರ್ಧ ಎಂಬಿಪಿಎಸ್, ನಾಲ್ಕಕ್ಕೆ 2. ಟ್ಯಾಬಿನ ಪರದೆಯಲ್ಲಿ ನಾಲ್ಕು ಚೌಕ ನೋಡುವವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ, ಮತ್ತು ಡಿವಿಆರ್‌ನೊಳಗಿನ ರೆಕಾರ್ಡಿಂಗ್ ಪೂರ್ಣ ಗುಣಮಟ್ಟದಲ್ಲೇ ಮುಂದುವರಿಯುತ್ತದೆ. ಬದಲಿಸಿದ ಮೇಲೆ `Current` ನೋಡಿದರೆ ಎರಡು ಕೋಟಿಯ ಬದಲು 25 ಲಕ್ಷದ ಆಸುಪಾಸು ಇರಬೇಕು. ಅಮ್ಮನ ಫೋನಿನ ಬ್ಯಾಕಪ್ ಒಂದು ರಾತ್ರಿಯ ಮಾತು, ಕಾಲ್ ಮುಗಿಯುವವರೆಗೆ ನಿಲ್ಲಿಸಿದರಾಯಿತು. ರೌಟರಿನ ಬ್ಯಾಂಡ್‌ವಿಡ್ತ್ ಕಂಟ್ರೋಲ್‌ನಲ್ಲಿ ಡಿವಿಆರ್‌ನ ವಿಳಾಸಕ್ಕೆ ಅಪ್‌ಲೋಡ್ ಮಿತಿ ಹಾಕಲೂಬಹುದು. ಆಗ ಆ ವಿಳಾಸ ಬದಲಾಗದಂತೆ `Address Reservation`ನಲ್ಲಿ ಕಟ್ಟಿಹಾಕಬೇಕು, ಇಲ್ಲದಿದ್ದರೆ ಮುಂದಿನ ಕರೆಂಟ್ ಕಟ್ ಆದ ಮೇಲೆ ಮಿತಿ ಇನ್ಯಾರದ್ದೋ ಫೋನಿನ ಮೇಲೆ ಬೀಳಬಹುದು.

ವೇಗದ ಜತೆಗೆ ತಿಂಗಳ ಕೋಟಾದ ವಿಷಯವೂ ಇದೆ. "ಅನ್‌ಲಿಮಿಟೆಡ್" ಎಂದು ಮಾರುವ ಹಲವು ಪ್ಲಾನ್‌ಗಳಿಗೆ ತಿಂಗಳಿಗೆ 3300 ಜಿಬಿಯ ಮಿತಿ ಇದೆ, ಸಾಮಾನ್ಯವಾಗಿ ಅಪ್‌ಲೋಡ್ ಕೂಡ ಅದರಲ್ಲಿ ಸೇರುತ್ತದೆ. 16 ಎಂಬಿಪಿಎಸ್ ಎಂದರೆ ಗಂಟೆಗೆ 7.2 ಜಿಬಿ. ಮಗ ರಾತ್ರಿ ಮೂರು ಗಂಟೆ ತೆರೆದಿಟ್ಟರೆ ತಿಂಗಳಿಗೆ 648 ಜಿಬಿ. ಟ್ಯಾಬನ್ನು ಗೋಡೆಗೆ ತಗಲಿಸಿ ದಿನವಿಡೀ ಓಡಿಸಿದರೆ ಐದು ಸಾವಿರ ಜಿಬಿ ಮೀರುತ್ತದೆ. ತಿಂಗಳ ಕೊನೆಯ ವಾರದಲ್ಲಿ ಮಾತ್ರ ನೆಟ್ ನಿಧಾನವಾಗುವ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನು.

ಎಲ್ಲ ರೌಟರ್‌ಗಳೂ ಈ ಲೆಕ್ಕ ಕೊಡುವುದಿಲ್ಲ. ಕಂಪನಿಯವರು ಕೊಟ್ಟ ಎಷ್ಟೋ ಪೆಟ್ಟಿಗೆಗಳಲ್ಲಿ ಸಾಧನಗಳ ಪಟ್ಟಿ ಇದೆ, ಒಂದೊಂದರ ಬಳಕೆ ಇಲ್ಲ. ಇನ್ನು ಕೆಲವದರಲ್ಲಿ ಪುಟ ಇದ್ದೂ ಅಂಕಿ ಸೊನ್ನೆಯಲ್ಲೇ ನಿಂತಿರುತ್ತದೆ. ಅಲ್ಲಿ `NAT Boost` ಅಥವಾ `Hardware NAT` ಆನ್ ಆಗಿದೆಯೇ ನೋಡಿ. ಅದು ಆನ್ ಇದ್ದಾಗ ಡೇಟಾ ಎಣಿಸುವ ಭಾಗವನ್ನು ಮುಟ್ಟದೆ ಅಡ್ಡದಾರಿಯಲ್ಲಿ ಹೋಗುತ್ತದೆ. ಆಫ್ ಮಾಡಿದರೆ ಎಣಿಕೆ ಬರುತ್ತದೆ, ಆದರೆ ದೊಡ್ಡ ವೇಗದ ಪ್ಲಾನ್‌ಗಳಲ್ಲಿ ರೌಟರ್ ಸ್ವಲ್ಪ ಕುಂಟೀತು, ಪತ್ತೆ ಮುಗಿದ ಮೇಲೆ ಮತ್ತೆ ಆನ್ ಮಾಡಿಬಿಡಿ. ಏಸಸ್ ರೌಟರ್‌ಗಳ `Traffic Analyzer`, ಓಪನ್‌ಡಬ್ಲ್ಯುಆರ್‌ಟಿ ಹಾಕಿದವರಿಗೆ `nlbwmon` ಇದಕ್ಕಿಂತ ಎಷ್ಟೋ ಸ್ಪಷ್ಟವಾಗಿ ತೋರಿಸುತ್ತವೆ. ಏನೂ ಇಲ್ಲದ ಪೆಟ್ಟಿಗೆಯಲ್ಲಿ ಉಳಿಯುವುದು `ping` ಕಿಟಕಿಯೊಂದೇ: ಅದನ್ನು ಓಡಿಸುತ್ತಾ ಸಾಧನಗಳಲ್ಲಿ ಅರ್ಧದಷ್ಟನ್ನು ಕಳಚಿ, ಇಳಿದರೆ ಆ ಅರ್ಧದಲ್ಲಿ, ಇಳಿಯದಿದ್ದರೆ ಉಳಿದ ಅರ್ಧದಲ್ಲಿ ಹುಡುಕುವುದು. ಎಂಟು ಸಾಧನವಿದ್ದರೆ ಮೂರು ಸುತ್ತಿನಲ್ಲಿ ಮುಗಿಯುತ್ತದೆ.

ಪಟ್ಟಿಯಲ್ಲಿ ಎಲ್ಲರೂ ಸುಮ್ಮನಿದ್ದು, `Sent`, `Received` ಎರಡೂ ಅಲುಗಾಡದೆ ಇದ್ದು, ಹೊರಗಿನ `ping` ಮಾತ್ರ ನಾನೂರರಲ್ಲೇ ನಿಂತಿದ್ದರೆ ನುಂಗುವವರು ನಿಮ್ಮ ಮನೆಯಲ್ಲಿಲ್ಲ. ಆಗ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೌಟರಿಗೆ ಜೋಡಿಸಿ, ಉಳಿದೆಲ್ಲವನ್ನೂ ಕಳಚಿ, ಗಡಿಯಾರ ಕಾಣುವಂತೆ `ping` ಕಿಟಕಿಗಳದ್ದೂ `Status` ಪುಟದ್ದೂ ಫೋಟೊ ತೆಗೆದು ಕೇಬಲ್‌ನವರಿಗೆ ವಾಟ್ಸ್ಆ್ಯಪ್ ಮಾಡಿ. "ನಿಮ್ಮ ಮನೆಯಲ್ಲೇ ಯಾರೋ ಜಾಸ್ತಿ ಯೂಸ್ ಮಾಡ್ತಿದ್ದಾರೆ" ಎಂದು ಅವರು ಹೇಳುವ ಮೊದಲ ಮಾತಿಗೆ ಉತ್ತರ ಆ ಫೋಟೊದಲ್ಲೇ ಇರುತ್ತದೆ.